ಹೆತ್ತ ಪಾತ್ರೆ, ಸತ್ತ ಪಾತ್ರೆ

ಮುಲ್ಲಾ ನಸ್ರುದ್ದೀನನ ಪಾತ್ರೆ ಮರಿ ಹಾಕಿದ ಕತೆ ಕನ್ನಡದಲ್ಲಿ ಬಹಳ ಜನರಿಗೆ ಗೊತ್ತು. ನಾನೂ ಅದನ್ನು ಚಿಕ್ಕಂದಿನಲ್ಲೇ ಕೇಳಿದ್ದೆ. ಸಂಜೆಯ ಅರಬ್ಬಿ ತರಗತಿಗೆ ಸೇರಿ ಎಂಟು ತಿಂಗಳಾದ ಮೇಲೆ ಅದೇ ಕತೆಯನ್ನು ಅರಬ್ಬಿಯಲ್ಲಿ ಓದಲು ಕೊಟ್ಟರು. ಗೊತ್ತಿರುವ ಕತೆ, ಹನ್ನೆರಡೇ ಸಾಲು, ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಮೂರು ಸಂಜೆ ಹಿಡಿಯಿತು. ಅಷ್ಟು ಹೊತ್ತು ಕೂತು ಓದಿದ್ದಕ್ಕೇ ಈ ಕತೆಯ ನಗು ಅರಬ್ಬಿ ವ್ಯಾಕರಣದ ಯಾವ ಮೂಲೆಯಲ್ಲಿ ಅಡಗಿದೆ ಎಂಬುದು ಕಂಡಿತು.

ಅರಬ್ಬಿಯಲ್ಲಿ ಈ ಕತೆಯ ನಾಯಕ ನಸ್ರುದ್ದೀನ್ ಅಲ್ಲ, ಜುಹಾ. ಈಜಿಪ್ಟಿನವರು ಅವನನ್ನು ಗುಹಾ ಎನ್ನುತ್ತಾರೆ. ಜುಹಾ ಹಳಬ. 9ನೇ ಶತಮಾನದ ಲೇಖಕ ಅಲ್ ಜಾಹಿಜ್ ಅವನ ಹೆಸರೆತ್ತುತ್ತಾನೆ. 10ನೇ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ಅಲ್ ನದೀಮ್ ತನ್ನ ಕಾಲದ ಪುಸ್ತಕಗಳ ಪಟ್ಟಿ ಮಾಡಿದಾಗ ಅದರಲ್ಲಿ ಜುಹಾನ ನಗೆಪ್ರಸಂಗಗಳ ಪುಸ್ತಕವೂ ಸೇರಿತ್ತು. ನಸ್ರುದ್ದೀನ್ ಹೋಜಾ 13ನೇ ಶತಮಾನದವನು, ತುರ್ಕಿಯ ಅಕ್ಷೆಹಿರ್ ಊರಿನವನು ಎಂಬುದು ಅಲ್ಲಿನವರ ನಂಬಿಕೆ. ಕಾಲ ಸರಿದಂತೆ ಇಬ್ಬರ ಕತೆಗಳೂ ಬೆರೆತುಹೋಗಿ, ಈಗ ಯಾವುದು ಯಾರದ್ದೆಂದು ಬಿಡಿಸುವುದು ಕಷ್ಟ. ಹೋಜಾನ ಕತೆ ಹೇಳುವ ಪರಂಪರೆಯನ್ನು ಯುನೆಸ್ಕೋ 2022ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಜುಹಾನಿಗೆ ಅಂಥ ಕಾಗದಪತ್ರ ಬೇಕಾಗಿಲ್ಲ. ಅರಬ್ಬಿ ಕಲಿಯುವವರ ಪಠ್ಯಗಳಲ್ಲಿ ಅವನು ಹೇಗೂ ತಪ್ಪದೆ ಬಂದು ಕೂರುತ್ತಾನೆ.

ಕತೆಯನ್ನು ನಮ್ಮ ಲಿಪಿಯಲ್ಲೇ ಸಾಲು ಸಾಲಾಗಿ ಇಡುತ್ತೇನೆ. ಅರಬ್ಬಿಯ ಗಂಟಲಾಳದ ಧ್ವನಿಗಳು ಕನ್ನಡ ಅಕ್ಷರಕ್ಕೆ ಪೂರ್ತಿ ಸಿಗುವುದಿಲ್ಲ. ‘ಕಿದ್ರ್’ ಎಂದು ಬರೆದ ಕಡೆ ಕಕಾರವನ್ನು ಕಿರುನಾಲಿಗೆಯ ಹತ್ತಿರದಿಂದ ಎತ್ತಿ ಆಡಬೇಕು.

ತಲಬ ಜುಹಾ ಮಿನ್ ಜಾರಿಹಿ ಕಿದ್ರನ್ ಕಬೀರತನ್. ‘ಕೇಳಿದ ಜುಹಾ ತನ್ನ ನೆರೆಯವನಿಂದ ಒಂದು ದೊಡ್ಡ ಪಾತ್ರೆಯನ್ನು.’ ಮುಂದಿನ ಸಾಲು, ಫ ಕಬಿಲ ಅಲ್ ಜಾರು: ‘ಒಪ್ಪಿದ ನೆರೆಯವನು.’

ಕ್ರಿಯಾಪದ ಮುಂದೆ ನಿಂತಿದೆ, ನೋಡಿ. ಕನ್ನಡದಲ್ಲಿ ಯಾರು, ಯಾರಿಗೆ, ಏನನ್ನು ಎಂದು ಎಲ್ಲ ಹೇಳಿ ಮುಗಿಸಿದ ಮೇಲೆ ಏನಾಯಿತು ಎಂಬುದು ಬರುತ್ತದೆ. ಅರಬ್ಬಿ ಕತೆಗಾರ ಮೊದಲು ಆದದ್ದನ್ನು ಹೇಳಿ ಆಮೇಲೆ ಮಾಡಿದವನನ್ನು ಕರೆತರುತ್ತಾನೆ. ಅದಕ್ಕೆ ಒಗ್ಗಿಕೊಳ್ಳಲು ಒಂದು ವಾರ ಸಾಕು. ಅದಕ್ಕಿಂತ ಮುಖ್ಯವಾದದ್ದು ‘ತಲಬ’, ‘ಕಬಿಲ’ ಎಂಬ ರೂಪಗಳೇ. ಅರಬ್ಬಿ ನಿಘಂಟಿನಲ್ಲಿ ಒಂದು ಕ್ರಿಯಾಪದದ ಹೆಸರು ಎಂದರೆ ಅದರ ಭೂತಕಾಲದ ಪುಲ್ಲಿಂಗ ಏಕವಚನ. ನಾವು ‘ಕೇಳು’, ‘ಒಪ್ಪು’ ಎಂದು ಹುಡುಕುವ ಕಡೆ ಅವರು ‘ಕೇಳಿದ’, ‘ಒಪ್ಪಿದ’ ಎಂದು ಹುಡುಕುತ್ತಾರೆ. ಭೂತಕಾಲವೇ ಅಲ್ಲಿ ಬುಡ. ಉಳಿದವಕ್ಕೆ ಅದಕ್ಕೊಂದು ಬಾಲ ಸೇರಿಸಿದರಾಯಿತು: ತಲಬ ಎಂದರೆ ಕೇಳಿದ, ತಲಬತ್ ಎಂದರೆ ಕೇಳಿದಳು, ತಲಬ್ತು ಎಂದರೆ ಕೇಳಿದೆ. ಕೇಳಿದ, ಕೇಳಿದಳು, ಕೇಳಿದೆ ಎನ್ನುವವರಿಗೆ ಇದು ಪರಕೀಯವೇನಲ್ಲ. ಬಾಲದಲ್ಲೇ ಕರ್ತೃ ಇರುವುದರಿಂದ ‘ಅವನು’, ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲ. ಅದೂ ನಮ್ಮ ಹಾಗೆಯೇ.

ಇನ್ನೂ ಹತ್ತಿರದ ಸಂಬಂಧವೊಂದಿದೆ. ‘ತಲಬ’ ಕೇಳಿದಾಗ ಉತ್ತರ ಕರ್ನಾಟಕದವರಿಗೆ ಚಹಾದ ತಲಬು ನೆನಪಾದೀತು. ‘ಕಬಿಲ’ದ ಬೇರಿನಿಂದಲೇ ನಮ್ಮ ಕಬೂಲು ಬಂದದ್ದು. ಮುಂದೆ ಜುಹಾ ಪಾತ್ರೆಯನ್ನು ಹಿಂದಿರುಗಿಸುವಾಗ ಬರುವ ‘ರದ್ದ’ ನಮ್ಮಲ್ಲಿ ರದ್ದು ಆಗಿದೆ, ‘ಸಅಲ’ (ಪ್ರಶ್ನಿಸಿದ) ಸವಾಲು ಆಗಿದೆ. ಅರಬ್ಬಿಯಿಂದ ಪಾರ್ಸಿಗೆ, ಅಲ್ಲಿಂದ ದಖ್ಖನಿಗೆ, ಬಿಜಾಪುರದ ಆದಿಲ್‌ಶಾಹಿ ಕಚೇರಿಗೆ, ಮೈಸೂರಿನ ಹೈದರ್ ಮತ್ತು ಟಿಪ್ಪುವಿನ ದಫ್ತರಕ್ಕೆ ನಡೆದು ಬಂದ ಪದಗಳಿವು. ತಮಾಷೆಯೆಂದರೆ ಕನ್ನಡ ಇವನ್ನು ಕ್ರಿಯಾಪದವಾಗಿ ಒಳಗೆ ಬಿಟ್ಟುಕೊಳ್ಳಲಿಲ್ಲ. ನಾಮಪದವಾಗಿ ಕೂರಿಸಿ, ಪಕ್ಕದಲ್ಲಿ ತನ್ನದೇ ‘ಮಾಡು’, ‘ಹಾಕು’ಗಳನ್ನು ಕಾವಲಿಗಿಟ್ಟಿತು: ರದ್ದು ಮಾಡು, ಸವಾಲು ಹಾಕು. ಹಾಗಾಗಿ ಆ ಪದಗಳು ತಮ್ಮ ತವರಿನಲ್ಲಿ ‘ರದ್ದ’, ‘ರದ್ದತ್’ ಎಂದು ಓಡಾಡುವುದನ್ನು ಕಂಡಾಗ, ಕಚೇರಿಯಲ್ಲಷ್ಟೇ ನೋಡಿದ್ದ ಗುಮಾಸ್ತರನ್ನು ಅವರ ಊರ ಜಾತ್ರೆಯಲ್ಲಿ ಕಂಡ ಹಾಗಾಗುತ್ತದೆ.

ಕತೆಗೆ ಬರೋಣ. ಥುಮ್ಮ ರದ್ದ ಜುಹಾ ಅಲ್ ಕಿದ್ರ ವ ಫೀಹಾ ಕಿದ್ರುನ್ ಸಗೀರತುನ್. ‘ಆಮೇಲೆ ಜುಹಾ ಪಾತ್ರೆಯನ್ನು ಹಿಂದಿರುಗಿಸಿದ, ಅದರೊಳಗೆ ಒಂದು ಚಿಕ್ಕ ಪಾತ್ರೆ.’

ಸಅಲ ಅಲ್ ಜಾರು: ಮಾ ಹಾಧಿಹಿ? ‘ನೆರೆಯವನು ಕೇಳಿದ: ಏನಿದು?’

ಕಾಲ ಜುಹಾ: ವಲದತ್ ಕಿದ್ರುಕ. ‘ಜುಹಾ ಹೇಳಿದ: ಹೆತ್ತಳು ನಿನ್ನ ಪಾತ್ರೆ.’

‘ಹೆತ್ತಳು’ ಎಂದು ಬೇಕೆಂದೇ ಬರೆದಿದ್ದೇನೆ. ಕನ್ನಡದಲ್ಲಿ ಈ ಕತೆ ಹೇಳುವವರು ‘ಪಾತ್ರೆ ಮರಿ ಹಾಕಿತು’ ಎನ್ನುತ್ತಾರೆ. ಕೇಳಿದ ಕೂಡಲೇ ನಗು ಬರುತ್ತದೆ, ಏಕೆಂದರೆ ಪಾತ್ರೆ ನಮಗೆ ‘ಅದು’, ಜೀವವಿಲ್ಲದ್ದು. ಅರಬ್ಬಿಯಲ್ಲಿ ‘ಅದು’ ಎಂಬುದೇ ಇಲ್ಲ. ಕುರ್ಚಿ, ಕಲ್ಲು, ಪಾತ್ರೆ ಏನೇ ಇರಲಿ, ಒಂದೋ ‘ಅವನು’, ಇಲ್ಲವೇ ‘ಅವಳು’. ಕಿದ್ರ್ ‘ಅವಳು’. ನೋಡಿದರೆ ಹೇಳುವ ಹಾಗಿಲ್ಲ. ಹೆಚ್ಚಿನ ಸ್ತ್ರೀಲಿಂಗ ಪದಗಳ ತುದಿಯಲ್ಲಿ ಒಂದು ವಿಶೇಷ ತಕಾರ ಇರುತ್ತದೆ, ಇದಕ್ಕೆ ಅದಿಲ್ಲ. ಆದರೆ ಸುತ್ತಲಿನವರು ಗುಟ್ಟು ಬಿಟ್ಟುಕೊಟ್ಟಿದ್ದಾರೆ. ಮೊದಲ ಸಾಲಿನಲ್ಲೇ ಅದನ್ನು ‘ಕಬೀರತನ್’ ಎಂದು ಸ್ತ್ರೀಲಿಂಗದ ‘ದೊಡ್ಡವಳು’ ಮಾಡಿದ್ದರು. ಆಮೇಲೆ ‘ಫೀಹಾ’, ಅವಳೊಳಗೆ. ನೆರೆಯವನೂ ‘ಹಾಧಿಹಿ’, ಇವಳು, ಎಂದೇ ಕೇಳಿದ. ಮೂರು ಸಾಲು ಪಾತ್ರೆಯನ್ನು ‘ಅವಳು’ ‘ಅವಳು’ ಎಂದು ಕರೆದ ಮೇಲೆ ಜುಹಾ ಬಂದು ‘ವಲದತ್’, ಹೆತ್ತಳು, ಅನ್ನುತ್ತಾನೆ. ವ್ಯಾಕರಣದ ಮಟ್ಟಿಗೆ ಈ ವಾಕ್ಯ ಸರಾಗವಾಗಿ ಸರಿದುಹೋಗುತ್ತದೆ, ಎಲ್ಲೂ ಮುಗ್ಗರಿಸುವುದಿಲ್ಲ. ಸುಳ್ಳು ಎಷ್ಟು ದೊಡ್ಡದಿದ್ದರೂ ಅದು ಹತ್ತಿ ಬಂದ ಗಾಡಿ ಸದ್ದು ಮಾಡಲಿಲ್ಲ. ತುರ್ಕಿ ಭಾಷೆಯಲ್ಲಿ ಲಿಂಗವೇ ಇಲ್ಲ, ಗಂಡಿಗೂ ಹೆಣ್ಣಿಗೂ ವಸ್ತುವಿಗೂ ಒಂದೇ ಸರ್ವನಾಮ. ಹಾಗಾಗಿ ಹೋಜಾನಿಗೆ ಈ ಅನುಕೂಲ ಇರಲಿಲ್ಲ.

ಫರಿಹ ಅಲ್ ಜಾರು ವ ಅಖಧ ಅಲ್ ಕಿದ್ರೈನಿ. ‘ನೆರೆಯವನು ಹಿಗ್ಗಿ ಎರಡೂ ಪಾತ್ರೆ ತೆಗೆದುಕೊಂಡ.’ ಅರಬ್ಬಿಯಲ್ಲಿ ಏಕವಚನ, ಬಹುವಚನಗಳ ನಡುವೆ ದ್ವಿವಚನವೂ ಇದೆ. ‘ಎರಡು’ ಎಂದು ಹೇಳದೆ ಪದದ ಕೊನೆಗೆ ‘ಐನಿ’ ಅಂಟಿಸಿದರೆ ಸರಿಯಾಗಿ ಎರಡು. ನೆರೆಯವನ ದುರಾಸೆಯೆಲ್ಲ ಆ ಪುಟ್ಟ ಬಾಲದಲ್ಲಿದೆ.

ಇನ್ನು ನಾನು ಬಿದ್ದ ಹಳ್ಳದ ವಿಷಯ. ಆರಂಭದ ಪಾಠಗಳಲ್ಲಿ ಪ್ರತಿ ಅಕ್ಷರದ ಮೇಲೂ ಕೆಳಗೂ ಸ್ವರಚಿಹ್ನೆ ಹಾಕಿರುತ್ತಾರೆ, ಅದಕ್ಕೆ ಹರಕತ್ ಎಂದು ಹೆಸರು. ಮಧ್ಯಮ ಹಂತಕ್ಕೆ ಬಂದರೆ ಅದನ್ನು ತೆಗೆದುಬಿಡುತ್ತಾರೆ. ಪತ್ರಿಕೆ, ಕಾದಂಬರಿ, ಬಸ್ಸಿನ ಬೋರ್ಡು ಎಲ್ಲ ಹಾಗೆಯೇ ಇರುವುದು. ದೀರ್ಘ ಸ್ವರಗಳಿಗೆ ಅಕ್ಷರ ಉಂಟು, ಹ್ರಸ್ವ ಸ್ವರಗಳನ್ನು ಓದುಗನೇ ತುಂಬಿಕೊಳ್ಳಬೇಕು. ಕನ್ನಡದಲ್ಲಿ ‘ಮರ’ ಎಂದಷ್ಟೇ ಬರೆದು, ಅದು ಮರವೋ, ಮರಿಯೋ, ಮರುವೋ, ಮುರಿಯೋ ನೀವೇ ಸಂದರ್ಭ ನೋಡಿ ಹೇಳಿ ಎಂದರೆ ಹೇಗಿರುತ್ತದೋ ಹಾಗೆ.

ಈ ಕತೆಯ ‘ಪಾತ್ರೆ’ ಕಾಗದದ ಮೇಲೆ ಮೂರು ವ್ಯಂಜನ: ಕ, ದ, ರ. ಕಿದ್ರ್ ಎಂದು ಓದಿದರೆ ಪಾತ್ರೆ. ಕದರ್ ಎಂದು ಓದಿದರೆ ವಿಧಿ, ಹಣೆಬರಹ. ಕದ್ರ್ ಎಂದರೆ ಬೆಲೆ, ಗೌರವ. ‘ಅವನ ಖದರೇ ಬೇರೆ’ ಎನ್ನುವಾಗಿನ ಖದರು ಇದೇ. ನಾನು ಓದಿದ್ದು ಕದರ್. ಜುಹಾ ನೆರೆಯವನಿಂದ ಒಂದು ದೊಡ್ಡ ಹಣೆಬರಹವನ್ನು ಎರವಲು ಕೇಳಿದ, ಅದರೊಳಗೆ ಒಂದು ಚಿಕ್ಕ ಹಣೆಬರಹ ಇತ್ತು ಎಂದು ಅರ್ಥ ಮಾಡಿಕೊಂಡು, ಇದ್ಯಾವುದೋ ಸೂಫಿ ಕತೆ ಇರಬೇಕೆಂದು ಗಂಭೀರನಾಗಿ ಕೂತಿದ್ದೆ. ಗುರುಗಳನ್ನು ನಾವು ಉಸ್ತಾದರು ಎನ್ನುತ್ತಿದ್ದೆವು. ಅವರು ನನ್ನ ಪುಸ್ತಕದತ್ತ ಬಗ್ಗಿ, “ಪಕ್ಕದ ವಿಶೇಷಣ ನೋಡಿದಿರಾ? ಕದರ್ ಗಂಡು. ಅದರ ಜೊತೆ ಕಬೀರ ಹೇಗೆ ಬರುತ್ತದೆ?” ಎಂದರು. ಅಷ್ಟೇ ಹೇಳಿದ್ದು. ದೊಡ್ಡದು ಎಂಬ ಪದಕ್ಕೆ ಸ್ತ್ರೀಲಿಂಗದ ತಕಾರ ಇದ್ದ ಮೇಲೆ ಮುಂದಿರುವುದೂ ಹೆಣ್ಣೇ ಆಗಿರಬೇಕು. ಸ್ವರ ಕಾಣದಿದ್ದಾಗ ಅಕ್ಕಪಕ್ಕದವರನ್ನು ವಿಚಾರಿಸಬೇಕು ಎಂಬ ಪಾಠ ನನಗಾದದ್ದು ಹೀಗೆ.

ಕತೆ ಮುಂದುವರಿಯುತ್ತದೆ. ಥುಮ್ಮ ತಲಬ ಜುಹಾ ಅಲ್ ಕಿದ್ರ ಮರ್ರತನ್ ಉಖ್ರಾ. ‘ಆಮೇಲೆ ಜುಹಾ ಇನ್ನೊಂದು ಸಲ ಪಾತ್ರೆ ಕೇಳಿದ.’ ವ ಮರ್ರತ್ ಅಯ್ಯಾಮುನ್ ವ ಲಮ್ ಯಹ್ದುರ್ ಜುಹಾ. ‘ದಿನಗಳು ಕಳೆದವು, ಜುಹಾ ಬರಲಿಲ್ಲ.’

‘ಯಹ್ದುರ್’ ನಮ್ಮ ಹಾಜರಿನ ಬೇರಿನದೇ, ಹಾಜರಾಗಲಿಲ್ಲ ಎಂದರೂ ನಡೆಯುತ್ತದೆ. ಆದರೆ ಇಲ್ಲಿ ಕಲಿಯುವವರು ಸಾಲಾಗಿ ಎಡವುತ್ತಾರೆ. ‘ಯ’ದಿಂದ ಶುರುವಾಗುವ ರೂಪ ವರ್ತಮಾನದ್ದು, ‘ಬರುತ್ತಾನೆ’ ಎಂಬಂಥದ್ದು. ಭೂತಕಾಲದ ಕತೆಯ ನಡುವೆ ಅದೇಕೆ ಬಂತು? ಬಂದದ್ದು ‘ಲಮ್’ನಿಂದ. ಈ ಪದ ವರ್ತಮಾನದ ರೂಪದ ಬೆನ್ನ ಮೇಲೆ ಕೂತು, ಅದರ ಕೊನೆಯ ಸ್ವರವನ್ನು ಕತ್ತರಿಸಿ, ಅರ್ಥವನ್ನು ಹಿಂದಕ್ಕೆ ತಿರುಗಿಸಿ ‘ಆಗಲಿಲ್ಲ’ ಮಾಡಿಬಿಡುತ್ತದೆ. ತರಗತಿಯಲ್ಲಿ ಒಬ್ಬರು ಇದು ಅನ್ಯಾಯ ಎಂದರು. ನನಗೆ ಹಾಗನ್ನಿಸಲಿಲ್ಲ. ಕನ್ನಡದಲ್ಲಿ ‘ಬಂದ’ ಎನ್ನುತ್ತೇವೆ, ಆದರೆ ಅದರ ನಿಷೇಧ ‘ಬಂದಿಲ್ಲ’ ಎಂದರೆ ಅರ್ಥ ಬೇರೆಯಾಗುತ್ತದೆ. ನೇರ ನಿಷೇಧ ‘ಬರಲಿಲ್ಲ’. ‘ಬಂದ’ದಲ್ಲಿರುವ ದಕಾರ ಅಲ್ಲಿ ಹುಡುಕಿದರೂ ಸಿಗದು. ಆಗದ ಕೆಲಸಕ್ಕೆ ಭೂತಕಾಲದ ಗುರುತು ಹಾಕಲು ಎರಡೂ ಭಾಷೆಗಳಿಗೆ ಮನಸ್ಸಿಲ್ಲ.

ಧಹಬ ಅಲ್ ಜಾರು ಇಲೈಹಿ ವ ಕಾಲ: ಐನ ಕಿದ್ರೀ? ‘ನೆರೆಯವನು ಅವನ ಬಳಿ ಹೋಗಿ ಹೇಳಿದ: ಎಲ್ಲಿ ನನ್ನ ಪಾತ್ರೆ?’ ಕೇಳುವುದಕ್ಕೂ ‘ಕಾಲ’ ಸಾಕು. ಅರಬ್ಬಿ ಕತೆಗಳಲ್ಲಿ ಸಂಭಾಷಣೆಯ ಭಾರವೆಲ್ಲ ಹೊರುವ ಪದ ಇದು. ಹಳೆಯ ಪುಸ್ತಕಗಳಲ್ಲಿ ಉದ್ಧರಣ ಚಿಹ್ನೆಯೂ ಇರುವುದಿಲ್ಲ, ‘ಕಾಲ’ ಬಂತೆಂದರೆ ಯಾರೋ ಬಾಯಿ ತೆರೆದರು ಎಂದರ್ಥ. ಕೊಲ್ಲಿಯಲ್ಲಿ ಹನ್ನೆರಡು ವರ್ಷ ದುಡಿದು ಬಂದಿದ್ದ ಒಬ್ಬರು ನಮ್ಮ ಜೊತೆಗಿದ್ದರು. ಅರಬ್ಬಿಯಲ್ಲಿ ಜಗಳವಾಡುವಷ್ಟು ಚುರುಕು. ಅವರಿಗೂ ಈ ಕತೆ ಹೊಸದಾಗಿ ಕಲಿಯುವ ಹಾಗೇ ಆಯಿತು. ಅವರ ಕಿವಿಯಲ್ಲಿದ್ದದ್ದು ಕೊಲ್ಲಿಯ ಬೀದಿಯ ‘ಗಾಲ್’. ಪುಸ್ತಕದ ‘ಕಾಲ’ ಅದೇ ಎಂದು ತಿಳಿದಾಗ ಅವರ ಮುಖ ಅರಳಿದ್ದು ನೆನಪಿದೆ. ಬೀದಿಯ ಮಾತಿಗೂ ಬರಹದ ಅರಬ್ಬಿಗೂ ಅಷ್ಟು ದೂರ.

ಬಕಾ ಜುಹಾ ವ ಕಾಲ: ಮಾತತ್ ಕಿದ್ರುಕ. ‘ಜುಹಾ ಅತ್ತು ಹೇಳಿದ: ಸತ್ತಳು ನಿನ್ನ ಪಾತ್ರೆ.’

ವಲದತ್ ಕಿದ್ರುಕ, ಮಾತತ್ ಕಿದ್ರುಕ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಎರಡು ವಾಕ್ಯ. ಅದೇ ಬಾಲ, ಅದೇ ಪಾತ್ರೆ, ಅದೇ ‘ನಿನ್ನ’. ‘ಮಾತತ್’ ಅನ್ನು ನಿಘಂಟಿನಲ್ಲಿ ಹುಡುಕಲು ಹೋದವರಿಗೆ ಮಾತ್ರ ಸಣ್ಣದೊಂದು ಕಷ್ಟ. ಕಲಿಯುವವರ ಮೇಜಿನ ಮೇಲೆ ಸಾಮಾನ್ಯವಾಗಿ ಇರುವ ಹಾನ್ಸ್ ವೇರ್ ನಿಘಂಟು ಪದಗಳನ್ನು ಬೇರಿನ ಪ್ರಕಾರ ಜೋಡಿಸುತ್ತದೆ. ಬೇರಿಗೆ ಸಾಮಾನ್ಯವಾಗಿ ಮೂರು ವ್ಯಂಜನ ಬೇಕು. ಇಲ್ಲಿ ಕಾಣುವುದು ಮ, ತ ಎರಡೇ. ನಡುವಿನದು ಎಲ್ಲಿ? ಅದು ವಕಾರ, ದೀರ್ಘ ‘ಆ’ದೊಳಗೆ ಕರಗಿಹೋಗಿದೆ. ‘ಕಾಲ’ದ ನಡುವೆಯೂ ಹೀಗೇ ಒಂದು ವಕಾರ ಅಡಗಿ ಕೂತಿದೆ. ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವವರಿದ್ದಾರೆ. ಕತೆ ಓದುವವರು ಒಂದು ಸಾಲು ಕಾದರೆ ಸಾಕು.

ಸಾಹ ಅಲ್ ಜಾರು: ಹಲ್ ತಮೂತು ಅಲ್ ಕುದೂರು? ‘ನೆರೆಯವನು ಕೂಗಿದ: ಪಾತ್ರೆಗಳು ಸಾಯುತ್ತವೆಯೇ?’

‘ತಮೂತು’ವಿನ ‘ಊ’ ಬರೆಯಲು ಅರಬ್ಬಿಯಲ್ಲಿ ಬಳಸುವ ಅಕ್ಷರ ವಕಾರವೇ. ಕಳೆದುಹೋದದ್ದು ಹೊರಬಂತು. ಆದರೆ ಈ ಸಾಲಿನ ಮಹತ್ವ ಅಕ್ಷರದ್ದಲ್ಲ, ಕಾಲದ್ದು. ಇಡೀ ಕತೆ ‘ಕೇಳಿದ, ಒಪ್ಪಿದ, ಹೆತ್ತಳು, ಸತ್ತಳು’ ಎಂದು ಭೂತಕಾಲದಲ್ಲಿ ಓಡುತ್ತಿದ್ದದ್ದು ಇಲ್ಲಿ ಮೊದಲ ಸಲ ವರ್ತಮಾನಕ್ಕೆ ನಿಂತಿದೆ. ಇದು ಈಗ ನಡೆಯುತ್ತಿರುವುದರ ವರ್ತಮಾನವಲ್ಲ, ‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ಎನ್ನುವ ಬಗೆಯದು, ಲೋಕನಿಯಮದ್ದು. ಪಾತ್ರೆಗಳು ಎಂಬ ಜಾತಿಗೇ ಸಾವುಂಟೇ ಎಂದು ನೆರೆಯವನು ಕೇಳುತ್ತಿದ್ದಾನೆ. ಒಳ್ಳೆಯ ಪ್ರಶ್ನೆ. ಆದರೆ ಅಂದು ಚಿಕ್ಕ ಪಾತ್ರೆ ಕೈಗೆ ಬಂದಾಗ ಕೇಳಬೇಕಿದ್ದದ್ದೂ ಇಂಥದೇ: ‘ಹಲ್ ತಲಿದು ಅಲ್ ಕುದೂರು?’, ಪಾತ್ರೆಗಳು ಹೆರುತ್ತವೆಯೇ? ಅಂದು ಅವನು ನಿಯಮ ಕೇಳಲಿಲ್ಲ. ನಡೆದದ್ದು ನಡೆಯಿತೆಂದು ಒಪ್ಪಿ, ದ್ವಿವಚನವನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಹೋಗಿದ್ದ.

ಜುಹಾ ಆ ನಿಯಮದ ಪ್ರಶ್ನೆಗೆ ಉತ್ತರಿಸುವುದೇ ಇಲ್ಲ. ಕಾಲ ಜುಹಾ: ಸದ್ದಕ್ತ ಅನ್ನಹಾ ವಲದತ್, ವ ಲಾ ತುಸದ್ದಿಕು ಅನ್ನಹಾ ಮಾತತ್? ‘ಹೆತ್ತಳೆಂದರೆ ನಂಬಿದೆ, ಸತ್ತಳೆಂದರೆ ನಂಬುವುದಿಲ್ಲವೇ?’ ಮತ್ತೆ ಭೂತಕಾಲ. ನೀನು ಒಪ್ಪಿದ ಒಂದು ಸಂಗತಿ, ನೀನು ಒಪ್ಪಬೇಕಾದ ಇನ್ನೊಂದು ಸಂಗತಿ. ಲೋಕದ ನಿಯಮಕ್ಕೆ ಇಲ್ಲಿ ಕೆಲಸವಿಲ್ಲ.

ಈ ಕೊನೆಯ ಸಾಲಿನಲ್ಲೂ ಒಂದು ಹಳ್ಳವಿದೆ. ‘ಸದ್ದಕ್ತ’ ಕಾಗದದ ಮೇಲೆ ಸ, ದ, ಕ, ತ ನಾಲ್ಕೇ ವ್ಯಂಜನ. ದಕಾರದ ಒತ್ತು ಚಿಹ್ನೆ ಇಲ್ಲದಿದ್ದರೆ ಅದನ್ನು ‘ಸದಕ್ತ’ ಎಂದೂ ಓದಬಹುದು. ಹಾಗೆಂದರೆ ‘ನೀನು ನಿಜ ಹೇಳಿದೆ’. ‘ಸದಕ್ತು’ ಎಂದರೆ ‘ನಾನು ನಿಜ ಹೇಳಿದೆ’, ‘ಸದಕತ್’ ಎಂದರೆ ‘ಅವಳು ನಿಜ ಹೇಳಿದಳು’. ತರಗತಿಯಲ್ಲಿ ಈ ಮೂರನ್ನೂ ಯಾರಾದರೊಬ್ಬರು ಓದಿದರು. ನಿಜ ಹೇಳುವುದಕ್ಕೂ, ಹೇಳಿದ್ದನ್ನು ನಿಜವೆಂದು ಒಪ್ಪುವುದಕ್ಕೂ ನಡುವೆ ಇರುವುದು ಒಂದು ಒತ್ತು; ಜುಹಾನಂಥವರು ಬದುಕುವುದೇ ಆ ಸಂದಿಯಲ್ಲಿ. ಸರಿಯಾದದ್ದನ್ನು ಆರಿಸಲು ಎರಡು ಗುರುತು ಸಿಗುತ್ತವೆ. ಪಕ್ಕದಲ್ಲೇ ‘ಅನ್ನಹಾ’, ‘ಅವಳು ಹೀಗೆ ಎಂಬುದನ್ನು’ ಎಂಬ ಪದ ಕಾದು ನಿಂತಿದೆ, ಅದು ನಂಬುವ ಮಾತಿಗೆ ಹೊಂದುತ್ತದೆ. ವಾಕ್ಯದ ಎರಡನೆಯ ಅರ್ಧದಲ್ಲಿ ಅದೇ ಕ್ರಿಯೆ ‘ಲಾ’ ಜೊತೆ ನಿಷೇಧವಾಗಿ ಮರಳಿದೆ. ನಂಬಿದೆ, ನಂಬುವುದಿಲ್ಲ ಎಂದು ಎದುರು ಬದುರಾಗಿ ಕೂತರೇ ವಾಕ್ಯಕ್ಕೆ ಅರ್ಥ. ಕೊನೆಯಿಂದ ಹಿಂದಕ್ಕೆ ಬಂದರೆ ಮೊದಲ ಪದದ ಒತ್ತು ತಾನಾಗಿ ಕೇಳಿಸುತ್ತದೆ.

ಕತೆ ಮುಗಿದ ಮೇಲೆ ಉಸ್ತಾದರು ಒಂದು ಅಭ್ಯಾಸ ಕೊಟ್ಟರು. ಕಿದ್ರ್ ತೆಗೆದು ಅಲ್ಲಿ ಇಬ್ರೀಕ್ ಹಾಕಿ ಪೂರ್ತಿ ಕತೆ ತಿರುಗಿ ಬರೆಯಬೇಕು. ಇಬ್ರೀಕ್ ಎಂದರೆ ಮೂತಿಯಿರುವ ಹೂಜಿ, ವ್ಯಾಕರಣದಲ್ಲಿ ಗಂಡು. ಎಲ್ಲರೂ ಶಿಸ್ತಾಗಿ ಬಾಲಗಳನ್ನು ಕತ್ತರಿಸುತ್ತ ಹೋದೆವು: ಕಬೀರತನ್ ಹೋಗಿ ಕಬೀರನ್, ಫೀಹಾ ಹೋಗಿ ಫೀಹಿ, ಮಾತತ್ ಹೋಗಿ ಮಾತ. ‘ವಲದತ್’ ಹೋಗಿ ‘ವಲದ’ ಆಗುವ ಜಾಗದಲ್ಲಿ ಎಲ್ಲರ ಪೆನ್ನೂ ನಿಂತಿತು. ಗಂಡಿಗೆ ಹೇಳಿದರೆ ಆ ಕ್ರಿಯಾಪದಕ್ಕೆ ಹೆತ್ತ ಎಂಬ ಅರ್ಥವಲ್ಲ, ಮಗು ಹುಟ್ಟಿಸಿದ ಎಂಬ ಅರ್ಥ. ವಾಲಿದ್ ಎಂದರೆ ತಂದೆ.

“ಹಾಗಾದರೆ ನೆರೆಯವನ ಹೂಜಿ ಅಪ್ಪ ಆಯಿತು” ಎಂದೆ. “ತಾಯಿ ಯಾರು?”

ಕೊಲ್ಲಿಯಿಂದ ಬಂದವರು ತಲೆ ಎತ್ತದೆ ಬರೆಯುತ್ತಲೇ ಹೇಳಿದರು: “ರಾತ್ರಿ ಎಲ್ಲಿ ತಂಗಿತ್ತು? ಜುಹಾನ ಮನೆಯಲ್ಲಿ. ತಾಯಿ ಅವನ ಮನೆಯದೇ ಯಾವುದೋ ಪಾತ್ರೆ ಇರಬೇಕು. ಉಸ್ತಾದರೇ, ಅಂದಮೇಲೆ ಬಾಣಂತನದ ಖರ್ಚನ್ನು ಜುಹಾ ನೆರೆಯವನ ಹತ್ತಿರ ವಸೂಲಿ ಮಾಡಬಹುದಿತ್ತಲ್ಲ?”